ಹೊಸ ಮನೆ ಕರೆಂಟ್ ಮೀಟರ್ ಮನೆಯವ್ರ ಹೆಸರಿಗೆ ಮಾಡಿಸ್ಬೇಕು, ಸ್ಪೆಲ್ಲಿಂಗ್ ತಪ್ಪಾಗದಂಗೆ ಅರ್ಜಿ ಹೆಂಗೆ ಬರೀಬೇಕು?

ಕೊಟ್ರೇಶಿ ನಿಟುವಳ್ಳಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ನಿಟುವಳ್ಳಿ ಕಡೆ 20 x 30 ಸೈಟಲ್ಲಿರೋ ಒಂದು ಹಳೇ ಮನೆ ತಗೊಂಡೀವಿ, ರಿಜಿಸ್ಟ್ರೇಷನ್ ನಮ್ಮ ಮನೆಯವ್ರ ಹೆಸರಿಗೆ ಆಗೈತಿ, ಖಾತೆನೂ ಆಯ್ತು. ಕರೆಂಟ್ ಬಿಲ್ ಮಾತ್ರ ಇನ್ನೂ ಮಾರಿದವ್ರ ಹೆಸರಲ್ಲೇ ಬರ್ತಾ ಐತಿ. ಅದನ್ನ ಬದಲಾಯಿಸಬೇಕು ಅಂತ ಅರ್ಜಿ ಬರಿಯಾಕ್ ಕುಂತ್ರೆ ಒಂದು ತೊಡಕು ಕಾಣಿಸ್ತು. ಆಧಾರಲ್ಲಿ SAVITHA H K ಅಂತ ಐತಿ, ಪಾನ್ ಕಾರ್ಡಲ್ಲಿ SAVITHA KOTRESH, ಕ್ರಯಪತ್ರ ಪೂರ್ತಿ ಕನ್ನಡದಾಗೆ "ಶ್ರೀಮತಿ ಸವಿತ ಕೋಂ ಕೊಟ್ರೇಶ" ಅಂತ, ಖಾತೆ ಕಾಗದದಲ್ಲಿ SAVITA. ನಾಲ್ಕು ಕಾಗದ ನಾಲ್ಕು ಥರ. ಮೊದಲೇ ಗ್ಯಾಸ್ ಕನೆಕ್ಷನ್ನಲ್ಲಿ ಒಂದು ಅಕ್ಷರ ತಪ್ಪಾಗಿ ಆರು ತಿಂಗಳು ಓಡಾಡಿದೀನಿ, ಮತ್ತೆ ಅದು ಬೇಡ. ನಾನು ಬರ್ದಿರೋದು ಇಷ್ಟು, ನೋಡಿ ಹೇಳಿ:

"ಮಾನ್ಯರೇ, ನಾವು ಸದರಿ ಮನೆಯನ್ನು ಖರೀದಿ ಮಾಡಿದ್ದು ವಿದ್ಯುತ್ ಸಂಪರ್ಕವನ್ನು ನನ್ನ ಹೆಸರಿಗೆ ಮಾಡಿಕೊಡಬೇಕೆಂದು ಕೋರುತ್ತೇನೆ. ಇಂತಿ ತಮ್ಮ ವಿಶ್ವಾಸಿ, ಸವಿತಾ."

ಇಷ್ಟು ಸಾಕಾ?

ಬಸು ವಿನೋಬನಗರ

ಸಾಕು ಬಿಡ್ರಿ ಅಣ್ಣಾರೆ. ಆಧಾರ್ ಜೆರಾಕ್ಸ್ ಒಂದು, ಹಳೇ ಬಿಲ್ ಒಂದು ಇಟ್ಟು ಕೊಡ್ರಿ, ಅವ್ರೇ ಮಾಡ್ತಾರೆ. ನಮ್ಮ ಮಾವನವ್ರದು ಹಂಗೇ ಆಯ್ತು. ಇಲ್ಲಾಂದ್ರೆ ಸುಮ್ನೆ ಹಳೇ ಹೆಸರಲ್ಲೇ ಬಿಲ್ ಕಟ್ಕೊಂಡು ಹೋಗ್ರಿ, ದುಡ್ಡು ಕಟ್ಟಿದ್ರೆ ಕರೆಂಟ್ ಬರ್ತೈತಿ, ಹೆಸರಲ್ಲೇನೈತಿ. 20 ರೂಪಾಯಿ ಬಾಂಡ್ ಪೇಪರಲ್ಲಿ ಒಂದು ಅಫಿಡವಿಟ್ ಮಾಡ್ಸಿಟ್ಕೊಂಡ್ರೆ ಎಲ್ಲಾದಕ್ಕೂ ಆಗ್ತೈತಿ.

ಹೊಳಲ್ಕೆರೆ ಟೀಚರ್

ಬಸು ಅವ್ರೇ, ಹೆಸರಲ್ಲೇನೈತಿ ಅನ್ಬೇಡಿ, ನಂಗೆ ಆಗಿದ್ದು ಕೇಳಿ. ನಾನು ಮನೆ ತಗೊಂಡಾಗ ಕ್ರಯಪತ್ರದ ಮೇಲೆ ನನ್ನ ಹೆಸರು, ಆಮೇಲೆ "ಕೋಂ", ಆಮೇಲೆ ನಮ್ಮ ಯಜಮಾನ್ರ ಹೆಸರು. ಅರ್ಜಿ ಕೊಟ್ಟು ಎರಡು ತಿಂಗಳಿಗೆ ಬಿಲ್ ಬಂತು, ಅದ್ರಲ್ಲಿ GEETHA KOM ಅಂತ ಪ್ರಿಂಟ್ ಆಗಿದೆ! ಕೋಂ ಅನ್ನೋದು ನನ್ನ ಇನಿಷಿಯಲ್ ಅಂದ್ಕೊಂಡು ಟೈಪ್ ಮಾಡಿದ್ದಾರೆ. ಆಗ ಪಾಪ ಕೂತು ಟೈಪ್ ಮಾಡಿದವ್ರು ಬೇರೆ ಕಡೆಯಿಂದ ಬಂದವರಂತೆ, ಕೋಂ ಅಂದ್ರೆ ಹೆಂಡತಿ ಅನ್ನೋದೇ ಗೊತ್ತಿರಲಿಲ್ಲ. ಮಗಳ ಸ್ಕೂಲ್ ಅಡ್ಮಿಷನ್ನಿಗೆ ವಿಳಾಸದ ದಾಖಲೆ ಅಂತ ಅದೇ ಬಿಲ್ ಕೊಟ್ರೆ ತಿರುಗಿಸಿ ಕೊಟ್ರು, ಆಧಾರಿಗೂ ಇದಕ್ಕೂ ಹೊಂದಲ್ಲ ಅಂತ. ಕೊಟ್ರೇಶಿಯವ್ರೇ, ನಿಮ್ಮದೂ ಅದೇ ಥರ ಕ್ರಯಪತ್ರ ಇದೆ, ಹುಷಾರು.

ಕೊಟ್ರೇಶಿ ನಿಟುವಳ್ಳಿ

ಅಯ್ಯೋ ಟೀಚರ್, ಅದು ತಲೆಗೇ ಬಂದಿರ್ಲಿಲ್ಲ. ನಮ್ಮ ಮನೇಲಿ ಕೋಂ ಅಂದ್ರೆ ಎಲ್ಲರಿಗೂ ಗೊತ್ತು, ಟೈಪ್ ಮಾಡೋರಿಗೆ ಗೊತ್ತಿರ್ಬೇಕಲ್ವ.

ಚಳ್ಳಕೆರೆ ರೈತ

ನಮ್ದೂ ಹಿಂಗೇ ಐತೆ ಸ್ವಾಮಿ, ನಮ್ಮ ತಂದೆಯವ್ರು ತೀರ್ಕಂಡು ನಾಲ್ಕು ವರ್ಷ ಆತು, ಬೋರ್‌ವೆಲ್ ಮೋಟ್ರು ಕನೆಕ್ಷನ್ ಇನ್ನೂ ಅವ್ರ ಹೆಸರಲ್ಲೇ ಐತೆ. ಮೂರು ಜನ ಅಣ್ತಮ್ಮಂದಿರು. ಈ ಅರ್ಜಿನೇ ಕೊಡಬಹುದಾ?

ನಿವೃತ್ತ ಲೆಕ್ಕದವ

ಕೊಟ್ರೇಶಿಯವ್ರ ಪ್ರಶ್ನೆಗೆ ಮೊದಲು. ನಾನು ಕರೆಂಟ್ ಆಫೀಸಿನ ಕಂದಾಯ ಶಾಖೆಯಲ್ಲಿ ಕೂತು ರಿಟೈರ್ ಆದವನು, ಈ ಅರ್ಜಿಗಳು ನನ್ನ ಟೇಬಲ್ ಮೇಲೆ ದಿನಾ ಬಿದ್ದಿರ್ತಿದ್ವು. ನಿಮ್ಮ ಅರ್ಜಿಯಲ್ಲಿ ನಿಜವಾಗ್ಲೂ ಏನಿಲ್ಲ ಅಂದ್ರೆ ಮೀಟರ್ ಯಾವುದು ಅಂತಾನೇ ಇಲ್ಲ. ಆರ್‌ಆರ್ ನಂಬರ್ ಬರೀಬೇಕು, ಬಿಲ್ ಮೇಲೆ ಅದೂ ಇರ್ತದೆ, ಅಕೌಂಟ್ ಐಡಿನೂ ಇರ್ತದೆ, ಎರಡೂ ಬರೀರಿ. ಮನೆ ವಿಳಾಸ ಬರೆದರೆ ಹುಡುಕೋದು ಕಷ್ಟ, ಒಂದೇ ಕ್ರಾಸಲ್ಲಿ ಹತ್ತು ಮೀಟರ್ ಇರ್ತಾವೆ.

ಇನ್ನು ಹೆಸರು. ಹೆಸರು ತಪ್ಪಾಗೋದು ಹೆಂಗೆ ಗೊತ್ತಾ? ಟೈಪ್ ಮಾಡೋನು ನಿಮ್ಮ ಫೈಲಲ್ಲಿ ಮೇಲೆ ಯಾವ ಕಾಗದ ಇದೆಯೋ ಅದನ್ನ ನೋಡಿ ಟೈಪ್ ಮಾಡ್ತಾನೆ. ಮೇಲೆ ಕನ್ನಡ ಕ್ರಯಪತ್ರ ಇದ್ರೆ "ಸವಿತ" ಅಂತ ಓದಿ ತನಗೆ ತೋಚಿದ ಇಂಗ್ಲಿಷಲ್ಲಿ ಬರೀತಾನೆ. ನಮ್ಮ ಕಡೆ ತಕಾರಕ್ಕೆ ಒಬ್ಬರು T ಹಾಕ್ತಾರೆ, ಇನ್ನೊಬ್ಬರು TH ಹಾಕ್ತಾರೆ, ದಾವಣಗೆರೆ ಮಧ್ಯದಲ್ಲಿರೋದ್ರಿಂದ ಎರಡೂ ನಡೀತದೆ. ಕೊನೇ ಅಕ್ಷರ A ಒಂದಾ ಎರಡಾ ಅನ್ನೋದೂ ಅವನ ಇಷ್ಟ. ಇದು ಯಾರ ತಪ್ಪೂ ಅಲ್ಲ, ಇಂಗ್ಲಿಷ್ ಅಕ್ಷರ ನೀವು ಬರೆದುಕೊಡಲಿಲ್ಲ ಅಂದ್ರೆ ಅವನು ಊಹಿಸಲೇಬೇಕು. ಅದಕ್ಕೆ ಅರ್ಜಿಯಲ್ಲಿ ಹೆಸರನ್ನ ಕನ್ನಡದಲ್ಲಿ ಒಂದು ಸಾಲು, ಅದರ ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಒಂದು ಸಾಲು ಬರೀರಿ. ಚುಕ್ಕಿ ಹಾಕಬೇಡಿ, ಇನಿಷಿಯಲ್ ಮಧ್ಯೆ ಜಾಗ ಬಿಡಿ. ಟೀಚರ್ ಹೇಳಿದ ಕೋಂ ವಿಷಯನೂ ಒಂದು ವಾಕ್ಯದಲ್ಲಿ ಬರೆದುಬಿಡಿ, ನಾಚಿಕೆ ಪಡಬೇಡಿ.

ಬಸು ಹೇಳಿದ್ದು ಅರ್ಧ ಸರಿ. ಆಧಾರ್ ಬೇಕು, ಆದ್ರೆ ಆಧಾರ್ ನೀವು ಯಾರು ಅಂತ ಹೇಳ್ತದೆ, ಮನೆ ನಿಮ್ಮದು ಅಂತ ಹೇಳಲ್ಲ. ಅದಕ್ಕೆ ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ ಬೇಕು. ಇನ್ನು ಹಳೇ ಹೆಸರಲ್ಲೇ ಕಟ್ಕೊಂಡು ಹೋಗಿ ಅನ್ನೋದು ಬೇಡ. ಠೇವಣಿ ಹಣ ಇದೆಯಲ್ಲ, ಅದು ಮಾರಿದವರ ಹೆಸರಲ್ಲಿ ಕೂತಿರ್ತದೆ.

ಕೊಟ್ರೇಶಿ ನಿಟುವಳ್ಳಿ

ಸರ್ ತುಂಬಾ ಥ್ಯಾಂಕ್ಸ್. ಠೇವಣಿ ಅಂದ್ರೆ ಮೀಟರ್ ಹಾಕಿಸುವಾಗ ಕಟ್ಟಿದ್ದಾ? ಅದು ಎಷ್ಟು ಇರಬಹುದು, ನಮಗ್ಯಾರೂ ಹೇಳಿಲ್ಲ.

ನಿವೃತ್ತ ಲೆಕ್ಕದವ

ಹೌದು, ಮೀಟರ್ ಹಾಕಿಸುವಾಗ ಕಟ್ಟಿದ್ದು, ಆಮೇಲೆ ವರ್ಷಕ್ಕೊಮ್ಮೆ ಬಳಕೆ ನೋಡಿ ಹೆಚ್ಚುವರಿ ಕಟ್ಟಿಸಿಕೊಂಡಿದ್ದೂ ಸೇರಿರ್ತದೆ. ಹತ್ರ ಹತ್ರ ಎರಡು ತಿಂಗಳ ಬಿಲ್ಲಿನ ಲೆಕ್ಕ. ಇದಕ್ಕೆ ವರ್ಷಕ್ಕೆ ಬಡ್ಡಿನೂ ಬಿಲ್ಲಿಗೆ ಜಮಾ ಆಗ್ತದೆ. ನಿಮ್ಮದು ಎಷ್ಟು ಅಂತ ಕೌಂಟರಲ್ಲಿ ಆರ್‌ಆರ್ ನಂಬರ್ ಕೊಟ್ಟು ಕೇಳಿ.

ಈಗ ಎರಡು ದಾರಿ. ಮಾರಿದವರು "ನನ್ನ ಹೆಸರಲ್ಲಿರೋ ಠೇವಣಿಯನ್ನ ಇವರ ಹೆಸರಿಗೆ ವರ್ಗಾಯಿಸೋದಕ್ಕೆ ನನ್ನ ಒಪ್ಪಿಗೆ ಇದೆ" ಅಂತ ಸಹಿ ಹಾಕಿ ಕೊಟ್ರೆ ಅದೇ ಹಣ ನಿಮ್ಮ ಖಾತೆಗೆ ಬರ್ತದೆ, ಆ ಮೊತ್ತ ನೀವು ಅವರಿಗೆ ಕೈಯಲ್ಲಿ ಕೊಟ್ಟು ಮುಗಿಸ್ಕೊಳ್ಳಿ. ಕೊಡಲಿಲ್ಲ ಅಂದ್ರೆ ನೀವು ಹೊಸದಾಗಿ ಠೇವಣಿ ಕಟ್ತೀರಿ, ಅವರದು ಅವರಿಗೆ ವಾಪಸ್ ಹೋಗ್ತದೆ. ಒಪ್ಪಿಗೆ ಪತ್ರ ಇದ್ರೆ ಅರ್ಜಿ ಸಲೀಸು. ಮಾರಿದವರು ಇನ್ನೂ ಊರಲ್ಲಿ ಇದ್ದಾರಾ?

ಕೊಟ್ರೇಶಿ ನಿಟುವಳ್ಳಿ

ಇದಾರೆ ಸರ್, ಕೆಟಿಜೆ ನಗರದಾಗೆ ಮಗನ ಮನೇಲಿ ಇದಾರೆ, ಒಳ್ಳೇ ಮನುಷ್ಯರು. ನಾಳೆನೇ ಹೋಗಿ ಕೇಳ್ತೀನಿ.

ಬಸು ವಿನೋಬನಗರ

ಅದ್ಸರಿ, ಹಳೇ ಬಾಕಿ ಏನಾದ್ರೂ ಇದ್ರೆ ಅದು ಮಾರಿದವ್ರದು ಅಲ್ವಾ ಸರ್? ಮೀಟರ್ ಹೆಸರು ಬದಲಾಯಿಸಿದ್ರೆ ನಮ್ಮ ತಲೆ ಮೇಲೆ ಬರಲ್ಲ ಅಂದ್ಕೊಂಡಿದ್ದೆ.

ನಿವೃತ್ತ ಲೆಕ್ಕದವ

ಹಾಗೆ ತಿಳ್ಕೋಬೇಡ ಬಸು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಕೇಸಲ್ಲಿ ಹೇಳಿದೆ, ನಿಯಮದಲ್ಲಿ ಇದ್ರೆ ಹಿಂದಿನ ಮಾಲೀಕನ ಬಾಕಿಯನ್ನ ಹೊಸ ಮಾಲೀಕನಿಂದ ಕೇಳಬಹುದು ಅಂತ. ಬಾಕಿ ಪೂರ್ತಿ ತೀರದೆ ಹೆಸರು ಬದಲಾಯಿಸೋದೂ ಇಲ್ಲ. ಅದಕ್ಕೆ ನಾನು ಯಾವಾಗ್ಲೂ ಹೇಳೋದು, ಕೀ ತಗೊಂಡ ದಿನ ಮೀಟರಿನ ರೀಡಿಂಗ್ ಫೋಟೋ ಹೊಡ್ಕೊಳ್ಳಿ, ಮಾರಿದವರನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು. ಕೊಟ್ರೇಶಿ, ನಿಮ್ಮ ಹತ್ರ ಇದೆಯಾ?

ಕೊಟ್ರೇಶಿ ನಿಟುವಳ್ಳಿ

ಇದೆ ಸರ್, ಅದೃಷ್ಟ, ನಮ್ಮ ಅಳಿಯ ಹೊಡ್ಕೊಂಡಿದ್ದ. 4812 ಇತ್ತು. ಆಮೇಲೆ ಬಂದ ಬಿಲ್ಲಲ್ಲಿ 4879 ಅಂತ ಬಂತು, 67 ಯೂನಿಟ್ ನಮ್ಮದೇ. ಅದ್ರ ಹಿಂದಿನದು ಅವ್ರು ಕಟ್ಟಿದಾರೆ, ರಸೀದಿ ಕೊಟ್ಟಾರೆ.

ಹರಿಹರದ ದಸ್ತಾವೇಜು

ನಾನು ಹರಿಹರದಲ್ಲಿ ವಕೀಲರ ಹತ್ರ ಕೆಲಸ ಮಾಡ್ತೀನಿ, ಕ್ರಯಪತ್ರ ಬರೆಯೋದೇ ನಮ್ಮ ಕೆಲಸ. ಲೆಕ್ಕದವರು ಆಧಾರ್ ಸ್ಪೆಲ್ಲಿಂಗ್ ಹಿಡೀರಿ ಅನ್ನೋ ಥರ ಕಾಣ್ತಿದೆ, ನಂಗೆ ಅದು ಸರಿ ಅನ್ನಿಸಲ್ಲ. ಮಾಲೀಕತ್ವದ ದಾಖಲೆ ಕ್ರಯಪತ್ರ ಮತ್ತು ಖಾತೆ. ಖಾತೆಯಲ್ಲಿ SAVITA ಅಂತ ಇದ್ದು ಬಿಲ್ಲಲ್ಲಿ SAVITHA ಅಂತ ಬಂದ್ರೆ ನಾಳೆ ಬ್ಯಾಂಕಿಗೆ ಅಡ ಇಡೋಕೆ ಹೋದ್ರೆ ಅವರು ಪ್ರಶ್ನೆ ಮಾಡ್ತಾರೆ. ಖಾತೆ ಪ್ರಕಾರ ಮಾಡಿಸಿ. ಆಧಾರ್ ಬೇಕಾದ್ರೆ ತಿದ್ದಿಸಿ.

ನಿವೃತ್ತ ಲೆಕ್ಕದವ

ಹರಿಹರದವರೇ, ನಿಮ್ಮ ಮಾತಲ್ಲಿ ಹುರುಳಿದೆ. ಆದ್ರೆ ಯೋಚನೆ ಮಾಡಿ, ಗೃಹಜ್ಯೋತಿ ನೋಂದಣಿ ಆಧಾರಿನ ಜೊತೆ ಅಕೌಂಟ್ ಐಡಿ ಜೋಡಿಸಿ ಆಗೋದು, ಸ್ಕೂಲಿಗೂ ಬ್ಯಾಂಕಿಗೂ ಈಗ ಆಧಾರ್ ಜೊತೆನೇ ಹೋಲಿಸಿ ನೋಡ್ತಾರೆ. ಆಧಾರ್ ತಿದ್ದಿಸಿದ್ರೆ ಪಾನ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಎಲ್ಲಾ ಹಿಂದೆ ಹಿಂದೆ ತಿದ್ದಿಸಬೇಕಾಗ್ತದೆ. ತಪ್ಪಿರೋದು ಖಾತೆಯಲ್ಲಿ ಒಂದು H ಮಾತ್ರ. ನನ್ನ ಪ್ರಕಾರ ಬಿಲ್ಲಿಗೆ ಆಧಾರ್ ಸ್ಪೆಲ್ಲಿಂಗ್, ಜೊತೆಗೆ ಈ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್. ಖಾತೆಯಲ್ಲಿ H ಸೇರಿಸೋದು ಪಾಲಿಕೆ ಕಡೆ ನಿಧಾನವಾಗಿ ಮಾಡ್ಕೊಳ್ಳಲಿ.

ಹರಿಹರದ ದಸ್ತಾವೇಜು

ಅಫಿಡವಿಟ್ ಇದ್ರೆ ಒಪ್ಪಬಹುದು, ನಾನು ಈಗಲೂ ಖಾತೆ ಪ್ರಕಾರನೇ ಒಳ್ಳೇದು ಅಂತೀನಿ, ಅದು ನನ್ನ ಅನುಭವ. ಬಸು, 20 ರೂಪಾಯಿ ಅಂದಿದ್ರಿ, ಅದು ಹಳೇ ದರ, 2024ರಿಂದ ಅಫಿಡವಿಟ್ಟಿಗೆ 100 ರೂಪಾಯಿ ಛಾಪಾ ಕಾಗದ ಬೇಕು. 20ರದ್ದರಲ್ಲಿ ಮಾಡಿಸ್ಕೊಂಡು ಹೋದ್ರೆ ವಾಪಸ್ ಕಳಿಸ್ತಾರೆ. ನಷ್ಟಭರ್ತಿ ಮುಚ್ಚಳಿಕೆ ಕೇಳಿದ್ರೆ ಅದರ ಕಾಗದದ ಬೆಲೆ ಬೇರೆ, ಕೌಂಟರಲ್ಲೇ ಕೇಳ್ಕೊಂಡು ಮಾಡಿಸಿ. ಒಂದು ಮಾತು, ಅಫಿಡವಿಟ್ಟಲ್ಲಿ "ಸವಿತ ಕೋಂ ಕೊಟ್ರೇಶ" ಅನ್ನೋದನ್ನ ಕ್ರಯಪತ್ರದಲ್ಲಿ ಇದ್ದಂಗೇ ಬರೆಸಿ, ಸರಿ ಮಾಡ್ತೀನಿ ಅಂತ ಸವಿತಾ ಅಂತ ದೀರ್ಘ ಹಾಕಿಸಬೇಡಿ. ಅಲ್ಲಿ ತಿದ್ದಿದ್ರೆ ಐದನೇ ಹೆಸರು ಹುಟ್ಕೊಳ್ಳುತ್ತೆ.

ಕೊಟ್ರೇಶಿ ನಿಟುವಳ್ಳಿ

ನಮ್ಮ ಮನೆಯವ್ರು ಹೇಳಿದ್ದು, ಆಧಾರಲ್ಲಿ ಇರೋದೇ ನನ್ನ ಹೆಸರು, ಹೈಸ್ಕೂಲ್ ಮಾರ್ಕ್ಸ್ ಕಾರ್ಡಿಂದ ಅದೇ ಬರ್ಕೊಂಡು ಬಂದೀನಿ, ಅದನ್ನ ಬಿಟ್ಟು ಬೇರೆ ಬೇಡ ಅಂತ. ಹಂಗಾಗಿ ಆಧಾರ್ ಪ್ರಕಾರ. ಲೆಕ್ಕದವ್ರೇ, ಪೂರ್ತಿ ಅರ್ಜಿ ಒಂದ್ಸಲ ಬರ್ದು ಕೊಡ್ತೀರಾ?

ನಿವೃತ್ತ ಲೆಕ್ಕದವ

ತಗೊಳ್ಳಿ. ಕೈಯಲ್ಲೇ ಬರೀರಿ, ಪರವಾಗಿಲ್ಲ, ಎರಡು ಪ್ರತಿ. ಸಹಿ ಸವಿತಾ ಅವರದೇ ಇರಬೇಕು, ನಿಮ್ಮದಲ್ಲ.

ಗೆ,
ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿ),
ಕಾರ್ಯ ಮತ್ತು ಪಾಲನೆ ಉಪವಿಭಾಗ, ದಾವಣಗೆರೆ.

ವಿಷಯ: ಆರ್‌ಆರ್ ನಂಬರ್ ........, ಅಕೌಂಟ್ ಐಡಿ ........ ಸ್ಥಾವರವನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ಸಂಪರ್ಕವಿರುವ ಮನೆಯನ್ನು ನಾನು ಶ್ರೀ ........ ರವರಿಂದ ದಿನಾಂಕ ........ ರ ನೋಂದಾಯಿತ ಕ್ರಯಪತ್ರದ ಮೂಲಕ ಖರೀದಿಸಿರುತ್ತೇನೆ. ಖಾತೆ ನನ್ನ ಹೆಸರಿಗೆ ಆಗಿರುತ್ತದೆ. ಈವರೆಗಿನ ಬಿಲ್ಲು ಪೂರ್ತಿ ಪಾವತಿಯಾಗಿದ್ದು ರಸೀದಿ ಲಗತ್ತಿಸಿದೆ. ಹಿಂದಿನ ಮಾಲೀಕರು ತಮ್ಮ ಠೇವಣಿಯನ್ನು ನನ್ನ ಹೆಸರಿಗೆ ವರ್ಗಾಯಿಸಲು ಒಪ್ಪಿಗೆ ಪತ್ರ ನೀಡಿರುತ್ತಾರೆ.

ಬಿಲ್ಲಿನಲ್ಲಿ ನನ್ನ ಹೆಸರು ಕೆಳಗಿನಂತೆಯೇ ಬರಬೇಕೆಂದು ಕೋರುತ್ತೇನೆ:

ಸವಿತಾ ಎಚ್ ಕೆ
S A V I T H A   H   K

ಕ್ರಯಪತ್ರದಲ್ಲಿ "ಸವಿತ ಕೋಂ ಕೊಟ್ರೇಶ" ಎಂದಿದ್ದು, ಅದರಲ್ಲಿ "ಕೋಂ ಕೊಟ್ರೇಶ" ಎಂಬುದು ನನ್ನ ಪತಿಯ ಹೆಸರನ್ನು ಸೂಚಿಸುತ್ತದೆ, ನನ್ನ ಹೆಸರಿನ ಭಾಗವಲ್ಲ. ಖಾತೆಯಲ್ಲಿ SAVITA ಎಂದಿದ್ದು, ಈ ಎಲ್ಲವೂ ನನ್ನ ಒಬ್ಬಳದೇ ಹೆಸರೆಂದು ನೋಟರಿ ಪ್ರಮಾಣಪತ್ರ ಲಗತ್ತಿಸಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮೊಬೈಲ್: ........

ಕಾಗದಗಳನ್ನ ಜೋಡಿಸುವಾಗ ಅರ್ಜಿ ಮೇಲೆ, ಅದರ ಕೆಳಗೆ ಆಧಾರ್, ಆಮೇಲೆ ಅಫಿಡವಿಟ್, ಆಮೇಲೆ ಕ್ರಯಪತ್ರ. ಅವರ ನಮೂನೆ ಅರ್ಜಿ ಬೇರೆ ಕೊಡ್ತಾರೆ, ಅದನ್ನೂ ತುಂಬಿ, ಅದರಲ್ಲೂ ಹೆಸರು ಇದೇ ಥರ ಬಿಡಿ ಅಕ್ಷರದಲ್ಲಿ. ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳದೆ ಕೌಂಟರಿಂದ ಅಲುಗಾಡಬೇಡಿ. ಟೈಪ್ ಮಾಡೋವಾಗ ಅಲ್ಲೇ ಇದ್ರೆ ಸ್ಕ್ರೀನ್ ತೋರಿಸಿ ಅಂತ ವಿನಯದಿಂದ ಕೇಳಿ, ಹೆಚ್ಚಿನವರು ತೋರಿಸ್ತಾರೆ.

ಹೊಳಲ್ಕೆರೆ ಟೀಚರ್

ಸರ್, ನನ್ನ GEETHA KOM ತಿದ್ದಿಸೋಕೂ ಇದೇ ಅರ್ಜಿನಾ? ಮತ್ತೆ ಠೇವಣಿ ಕಟ್ಟಬೇಕಾ?

ನಿವೃತ್ತ ಲೆಕ್ಕದವ

ಬೇಡ ಮೇಡಂ, ನಿಮ್ಮದು ವರ್ಗಾವಣೆ ಅಲ್ಲ, ತಿದ್ದುಪಡಿ. ಮಾಲೀಕರು ಬದಲಾಗಿಲ್ಲ, ಠೇವಣಿನೂ ಅಲ್ಲೇ ಇದೆ. ವಿಷಯದಲ್ಲಿ "ಹೆಸರಿನ ಕಾಗುಣಿತ ತಿದ್ದುಪಡಿ" ಅಂತ ಬರೀರಿ, "ಹೆಸರು ಬದಲಾವಣೆ" ಅಂತ ಬರೆದ್ರೆ ಕ್ರಯಪತ್ರದಿಂದ ಹಿಡಿದು ಎಲ್ಲಾ ಮತ್ತೆ ಕೇಳ್ತಾರೆ. ನಿಮ್ಮ ಮೊದಲಿನ ಅರ್ಜಿ ಪ್ರತಿ ಇದ್ರೆ ಜೊತೆಗಿಡಿ, ಅದರಲ್ಲಿ ಸರಿಯಾಗಿ ಬರೆದಿದ್ರೆ ತಪ್ಪು ಟೈಪಲ್ಲಿ ಆಗಿದ್ದು ಅಂತ ಅಲ್ಲೇ ಕಾಣ್ತದೆ.

ಹೊಳಲ್ಕೆರೆ ಟೀಚರ್

ಅರ್ಜಿ ಪ್ರತಿ ಇಟ್ಕೊಂಡಿಲ್ಲ ಸರ್. ಆಧಾರ್ ಇಟ್ಟು ಕೇಳಿ ನೋಡ್ತೀನಿ.

ಚಳ್ಳಕೆರೆ ರೈತ

ಸ್ವಾಮಿ ನನ್ನ ಬೋರ್‌ವೆಲ್ ವಿಷಯ?

ನಿವೃತ್ತ ಲೆಕ್ಕದವ

ನಿಮ್ಮದು ಖರೀದಿ ಅಲ್ಲ, ವಾರಸುದಾರಿಕೆ, ಈ ಅರ್ಜಿ ಹೊಂದಲ್ಲ ಅಣ್ಣ. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು, ಯಾರ ಹೆಸರಿಗೆ ಆಗಬೇಕೋ ಅವರ ಹೆಸರಿಗೆ ಉಳಿದ ಇಬ್ಬರು ಅಣ್ಣತಮ್ಮಂದಿರು ಆಕ್ಷೇಪಣೆ ಇಲ್ಲ ಅಂತ ಸಹಿ ಹಾಕಿ ಕೊಡಬೇಕು. ಮೊದಲು ಪಹಣಿ ಯಾರ ಹೆಸರಿಗೆ ಬಂದಿದೆ ನೋಡ್ಕೊಳ್ಳಿ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಬರೀತೀನಿ.

ಕೊಟ್ರೇಶಿ ನಿಟುವಳ್ಳಿ

ಹತ್ತು ದಿನ ಆತು, ಏನಾಯ್ತು ಅಂತ ಬರೀತೀನಿ. ಮಾರಿದ ಅಜ್ಜಾರು ಒಪ್ಪಿಗೆ ಪತ್ರಕ್ಕೆ ಕೂಡ್ಲೇ ಸಹಿ ಹಾಕಿದ್ರು, ಠೇವಣಿ 1840 ರೂಪಾಯಿ ಇತ್ತು, ಅಷ್ಟನ್ನೂ ಅವ್ರ ಕೈಗೆ ಕೊಟ್ಟೆ, ಇದೊಂದು ಇತ್ತು ಅಂತ ನಂಗೇ ನೆನಪಿರ್ಲಿಲ್ಲ ಮಗಾ ಅಂದ್ರು. ನೋಟರಿಗೆ 100ರ ಕಾಗದದಲ್ಲಿ ಮಾಡ್ಸಿದ್ವಿ, ಹರಿಹರದವ್ರು ಹೇಳಿದಂಗೆ ದೀರ್ಘ ಹಾಕಿಸಲಿಲ್ಲ.

ಮನೆಯವ್ರನ್ನೂ ಕರ್ಕೊಂಡು ಹೋಗಿದ್ದೆ. ಕೌಂಟರಲ್ಲಿದ್ದ ಹುಡುಗ ಅರ್ಜಿ ತಗೊಂಡು ಕ್ರಯಪತ್ರ ತೆಗೆದು ನೋಡ್ಕೊಂತ ಟೈಪ್ ಮಾಡಾಕೆ ಶುರು ಮಾಡಿದ, ಸ್ಕ್ರೀನಲ್ಲಿ SAVITA KOM ತನಕ ಬಂದಿತ್ತು. ನಮ್ಮನೆಯವ್ರು ಕಿಟಕಿ ಒಳಗೆ ಬೆರಳು ಚಾಚಿ "ತಮ್ಮಾ, ಅರ್ಜಿ ನೋಡಪ್ಪ, ಅದ್ರಲ್ಲಿ ಬಿಡಿಸಿ ಬರ್ದೀನಿ" ಅಂದ್ರು. ಅವನು ಅರ್ಜಿ ಕಡೆ ತಿರುಗಿ, ಓ ಇದೇನಾ ಅಕ್ಕ ಅಂತ ಅಳಿಸಿ ಒಂದೊಂದೇ ಅಕ್ಷರ ಹೇಳ್ಕೊಂತ ಹೊಡ್ದ, ಇವ್ರು ಜೊತೆಗೆ ಹೇಳ್ತಾ ಹೋದ್ರು, ಎಸ್, ಎ, ವಿ, ಐ, ಟಿ, ಎಚ್, ಎ. ಸ್ಕ್ರೀನ್ ತಿರುಗಿಸಿ ತೋರಿಸಿದ, SAVITHA H K. ಸೀಲ್ ಹಾಕಿದ ಪ್ರತಿ ಕೈಲಿ ಐತಿ. ಬಿಲ್ ಇನ್ನೂ ಬಂದಿಲ್ಲ, ಮುಂದಿನ ತಿಂಗಳು ನೋಡ್ಬೇಕು.

ಬಸು ವಿನೋಬನಗರ

ಆ ಸ್ಕ್ರೀನ್ ಕಥೆ ಓದಿ ನಮ್ಮ ಮಾವನವ್ರ ಬಿಲ್ ತೆಗ್ದು ನೋಡ್ದೆ, ಹೆಸರಲ್ಲಿ ಒಂದು A ಹೆಚ್ಚಿಗೆ ಐತಿ. ನಾಳೆ ತಿದ್ದುಪಡಿಗೆ ಬರೀತೀನಿ.

ಕೊಟ್ರೇಶಿ ನಿಟುವಳ್ಳಿ

ಒಂದು ಉಳ್ಕೊಂಡೈತಿ. ಗೃಹಜ್ಯೋತಿ ಹಳೇ ಅಜ್ಜಾರ ಆಧಾರಿಗೆ ಜೋಡಿ ಆಗೈತಿ. ನಾವು ಹೊಸದಾಗಿ ಹಾಕಿದ್ರೆ ಮೊದಲಿನ ಸರಾಸರಿ ಯೂನಿಟ್ಟೇ ಸಿಗ್ತೈತಾ?

ಹೊಳಲ್ಕೆರೆ ಟೀಚರ್

ಮೊದಲು ಅವರು ಸೇವಾ ಸಿಂಧುವಿನಲ್ಲಿ ತಮ್ಮ ಆಧಾರ್ ಜೋಡಣೆ ಬಿಡಿಸ್ಕೋಬೇಕು, ಓಟಿಪಿ ಅವರ ಮೊಬೈಲಿಗೇ ಹೋಗುತ್ತೆ, ಹಂಗಾಗಿ ಅವರು ಪಕ್ಕದಲ್ಲಿರಬೇಕು. ಆಮೇಲೆ ನೀವು ಹಾಕಿ. ಸರಾಸರಿ ಅದೇ ಮೀಟರಿಂದೇ ಬರುತ್ತೆ ಅಂತ ನಂಗೆ ಹೇಳಿದ್ರು.

ನಿವೃತ್ತ ಲೆಕ್ಕದವ

ಹೊಸದಾಗಿ ಬಂದವರಿಗೆ 53 ಯೂನಿಟ್ ಸರಾಸರಿ, ಅದಕ್ಕೆ ಶೇ 10 ಸೇರಿಸಿ 58 ಅನ್ನೋ ಲೆಕ್ಕ ಇದೆ ಮೇಡಂ. ಹೆಸರು ಬದಲಾದ ಹಳೇ ಮೀಟರಿಗೆ ಯಾವುದು ಹಾಕ್ತಾರೆ ಅನ್ನೋದು ನಾನು ರಿಟೈರ್ ಆದಮೇಲೆ ಬಂದ ವಿಷಯ. ಕೊಟ್ರೇಶಿ, ಅಜ್ಜನವರನ್ನ ಕರ್ಕೊಂಡು ಜೋಡಣೆ ಬಿಡಿಸೋ ಮುಂಚೆ ಕೌಂಟರಲ್ಲಿ ಕೇಳಿ. 58 ಆದ್ರೆ ನಿಮ್ಮ 67ಕ್ಕೆ ಸಾಲಲ್ಲ, ಒಂಬತ್ತು ಯೂನಿಟ್ಟಿನ ದುಡ್ಡು ನೀವೇ ಕಟ್ಟಬೇಕಾಗ್ತದೆ.

ಕೊಟ್ರೇಶಿ ನಿಟುವಳ್ಳಿ

ಸೋಮವಾರ ಹೋಗ್ತೀನಿ ಸರ್, ಕೇಳಿ ಬಂದು ಇಲ್ಲೇ ಬರೀತೀನಿ.